ಬೆನ್ನು ಬಾಗಿದ್ದಕ್ಕೆ ಕುತ್ತಿಗೆಯನ್ನು ದೂರಬೇಡಿ

ಪ್ರಶ್ನೆ: ನನ್ನ ಮಗನಿಗೆ 17 ವರ್ಷ. ಎರಡು ವರ್ಷದಲ್ಲಿ ಸರ್ರನೆ ಉದ್ದ ಆದ. ಆಗಿನಿಂದ ಮೇಲ್ಬೆನ್ನು ಗುಂಡಗೆ ಬಾಗಿದೆ, ತಲೆ ಮುಂದಕ್ಕೆ ಚಾಚಿಕೊಂಡಿದೆ. ಸಂಜೆ ಹೊತ್ತಿಗೆ ಬೆನ್ನಿನ ಮಧ್ಯೆ ನೋವು ಅಂತಾನೆ. ಭುಜ ಹಿಂದಕ್ಕೆಳೆಯುವ ಬೆಲ್ಟ್ ಎರಡು ತಿಂಗಳು ಹಾಕಿಸಿದೆ, ತೆಗೆದ ಕೂಡಲೇ ಮತ್ತೆ ಹಾಗೇ. ವಿಡಿಯೋ ನೋಡಿ ಗದ್ದ ಹಿಂದಕ್ಕೆ ಎಳೆಯುವ ವ್ಯಾಯಾಮ ಮೂರು ವಾರ ಮಾಡಿದ, ಕುತ್ತಿಗೆ ನೋವು ಬಂತು ಅಂತ ಬಿಟ್ಟ. ಕುತ್ತಿಗೆಯ ಬುಡದಲ್ಲಿ ಒಂದು ಉಬ್ಬು ಬೇರೆ ಕಾಣುತ್ತೆ. ಈ ವಯಸ್ಸಿಗೆ ಎಲುಬು ಗಟ್ಟಿಯಾಗಿರುತ್ತೆ, ಇನ್ನು ಸರಿಹೋಗಲ್ಲ ಅಂತ ನೆಂಟರು ಹೇಳ್ತಾರೆ. ನಿಜಾನಾ?

ಉತ್ತರ: ಮೊದಲು ನೀವೇ ಒಂದು ಸಣ್ಣ ಪ್ರಯೋಗ ಮಾಡಿ. ಕುರ್ಚಿಯಲ್ಲಿ ಕೂತು ಬೆನ್ನನ್ನು ಪೂರ್ತಿ ಸಡಿಲ ಬಿಡಿ, ಗೂನಾಗಿ ಕುಸಿದು ಕೂರಿ. ಈಗ ಎದುರಿಗಿರುವ ಗೋಡೆಯನ್ನು ನೋಡಿ. ನೋಡಬೇಕೆಂದರೆ ಗದ್ದ ತಾನಾಗಿಯೇ ಮುಂದೆ ಬರುತ್ತದೆ, ಬೇರೆ ದಾರಿಯೇ ಇಲ್ಲ. ಹಾಗೇ ಕುಸಿದಿರುವಾಗಲೇ ಗದ್ದವನ್ನು ಹಿಂದಕ್ಕೆ ಎಳೆಯಲು ನೋಡಿ. ಸ್ವಲ್ಪ ಹೋಗಿ ಅಲ್ಲೇ ನಿಲ್ಲುತ್ತದೆ, ಕುತ್ತಿಗೆಯ ಹಿಂಭಾಗ ಬಿಗಿಯುತ್ತದೆ. ಈಗ ಎದೆಯ ನಡುವಿನ ಎಲುಬನ್ನು ಎರಡು ಬೆರಳಷ್ಟು ಮೇಲೆತ್ತಿ ಮತ್ತೆ ಎಳೆಯಿರಿ. ಈ ಸಲ ಸಲೀಸಾಗಿ ಹೋಯಿತು, ಅಲ್ವಾ?

ನಿಮ್ಮ ಮಗನ ಮೂರು ವಾರದ ಶ್ರಮ ಯಾಕೆ ಫಲ ಕೊಡಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಕುತ್ತಿಗೆ ಮೇಲ್ಬೆನ್ನಿನ ಮೇಲೆ ನಿಂತಿದೆ. ಆ ಮೇಲ್ಬೆನ್ನು ಮುಂದಕ್ಕೆ ವಾಲಿದರೆ ಕಣ್ಣು ನೇರ ನೋಡಲಿ ಅಂತ ಕುತ್ತಿಗೆ ಮುಂದಕ್ಕೆ ಚಾಚಿ ತಲೆಯನ್ನು ಎತ್ತಿ ಹಿಡಿಯುತ್ತದೆ. ಅದು ತಪ್ಪು ಮಾಡುತ್ತಿಲ್ಲ, ಕೆಳಗಿನ ತಪ್ಪನ್ನು ಸರಿದೂಗಿಸುತ್ತಿದೆ. ಬೆನ್ನನ್ನು ಹಾಗೇ ಬಿಟ್ಟು ಕುತ್ತಿಗೆಯನ್ನು ಮಾತ್ರ ಹಿಂದಕ್ಕೆ ತಳ್ಳಿದರೆ ಅದು ನೋಯದೆ ಇನ್ನೇನು ಮಾಡೀತು?

ಹಾಗಾಗಿ ಮೊದಲ ಪ್ರಶ್ನೆ ಯಾವ ವ್ಯಾಯಾಮ ಅನ್ನುವುದಲ್ಲ. ಅವನ ಬೆನ್ನು ಬಿಚ್ಚಿಕೊಳ್ಳುತ್ತದೋ ಇಲ್ಲವೋ ಅನ್ನುವುದು. ಇದನ್ನು ಮನೆಯಲ್ಲೇ ಹತ್ತು ನಿಮಿಷದಲ್ಲಿ ನೋಡಬಹುದು.

ಅಂಗಿ ತೆಗೆಸಿ ಅವನನ್ನು ಚಾಪೆಯ ಮೇಲೆ ಬೋರಲು ಮಲಗಿಸಿ. ಮೊಣಕೈ ಊರಿ ಎದೆ ಎತ್ತಲು ಹೇಳಿ, ಹೊಟ್ಟೆ ನೆಲದ ಮೇಲೇ ಇರಲಿ. ಪಕ್ಕದಿಂದ ನೋಡಿ. ನಿಂತಾಗ ಕಾಣುತ್ತಿದ್ದ ಗುಂಡುಬೆನ್ನು ಈಗ ಚಪ್ಪಟೆಯಾದರೆ ಬಹಳ ಒಳ್ಳೆಯದು. ಆಮೇಲೆ ಎದ್ದು ನಿಂತು, ಮಂಡಿ ಮಡಿಸದೆ ಕಾಲ್ಬೆರಳಿನ ಕಡೆಗೆ ಬಗ್ಗಲಿ. ಮತ್ತೆ ಪಕ್ಕದಿಂದ ನೋಡಿ. ಬೆನ್ನು ಒಂದೇ ಸಮನಾದ ಕಮಾನಿನಂತೆ ಬಾಗಿದರೆ ಸರಿ. ಒಂದು ಕಡೆ ಮಾತ್ರ ಚೂಪಾಗಿ, ಗುಡ್ಡದ ತುದಿಯಂತೆ ಎದ್ದು ಕಂಡರೆ ಅದನ್ನು ಬರೆದಿಟ್ಟುಕೊಳ್ಳಿ. ಅವನು ಬಗ್ಗಿರುವಾಗಲೇ ಹಿಂದಿನಿಂದಲೂ ಒಮ್ಮೆ ನೋಡಿ. ಒಂದು ಬದಿಯ ಪಕ್ಕೆಲುಬು ಇನ್ನೊಂದು ಬದಿಗಿಂತ ಉಬ್ಬಿದ್ದರೆ ಬೆನ್ನು ಅಡ್ಡಕ್ಕೂ ತಿರುಚಿದೆ ಎಂದರ್ಥ. ಅದು ಬೇರೆಯದೇ ವಿಷಯ, ವೈದ್ಯರು ನೋಡಬೇಕು.

ಕೊನೆಯದು ಗೋಡೆಯ ಅಳತೆ. ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗುವಂತೆ ನಿಲ್ಲಲಿ. ಗದ್ದ ಎತ್ತದೆ, ಕಣ್ಣು ನೇರವಾಗಿಟ್ಟು ತಲೆಯನ್ನು ಗೋಡೆಯ ಕಡೆಗೆ ಒಯ್ಯಲಿ. ತಲೆ ಸುಲಭವಾಗಿ ತಾಗಬೇಕು. ತಾಗದಿದ್ದರೆ ತಲೆಯ ಹಿಂಭಾಗಕ್ಕೂ ಗೋಡೆಗೂ ನಡುವೆ ಎಷ್ಟು ಸೆಂಟಿಮೀಟರ್ ಅಂತ ಸ್ಕೇಲ್ ಇಟ್ಟು ಅಳೆದು, ತಾರೀಖಿನ ಜೊತೆ ಬರೆದಿಡಿ. ಮುಂದೆ ಇದೇ ನಿಮ್ಮ ಮಾಪನ. ಕನ್ನಡಿ ಮೋಸ ಮಾಡುತ್ತದೆ, ಫೋಟೋ ಇನ್ನೂ ಜಾಸ್ತಿ ಮೋಸ ಮಾಡುತ್ತದೆ. ಕ್ಯಾಮೆರಾ ಕಂಡ ಕೂಡಲೇ ಮಕ್ಕಳು ನೆಟ್ಟಗೆ ನಿಂತುಬಿಡುತ್ತಾರೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಇದನ್ನು ಬಿಟ್ಟು ಎಡವಿದ್ದೆ. 15 ವರ್ಷದ ಹುಡುಗನೊಬ್ಬ ಬಂದಿದ್ದ. ಗುಂಡುಬೆನ್ನು, ಮುಂದೆ ಬಂದ ತಲೆ. ನೋಡಿದ ಕೂಡಲೇ ‘ಕೂರುವ ಅಭ್ಯಾಸ’ ಅಂತ ತೀರ್ಮಾನಿಸಿ ವ್ಯಾಯಾಮದ ಹಾಳೆ ಕೊಟ್ಟು ಕಳಿಸಿದೆ. ಬಗ್ಗಿ ತೋರಿಸು ಅನ್ನಲಿಲ್ಲ. ಎರಡು ತಿಂಗಳಾದ ಮೇಲೆ ಜಾಸ್ತಿ ನೋವು ಹೊತ್ತು ಬಂದ. ಆಗ ಬಗ್ಗಿಸಿ ನೋಡಿದರೆ ಬೆನ್ನಿನ ನಡುವೆ ಚೂಪಾದ ಕೋನ. ಬೋರಲು ಮಲಗಿಸಿದರೂ ಅದು ಹೋಗಲಿಲ್ಲ. ಎಕ್ಸ್‌ರೇಯಲ್ಲಿ ಗೊತ್ತಾಯಿತು, ಅದು ಶಾಯರ್‌ಮನ್ ಕೈಫೋಸಿಸ್.

ಡೆನ್ಮಾರ್ಕಿನ ವೈದ್ಯ ಹೋಲ್ಗರ್ ಶಾಯರ್‌ಮನ್ 1920ರ ಹೊತ್ತಿಗೆ ಇದನ್ನು ವಿವರಿಸಿದರು, ಅದಕ್ಕೇ ಆ ಹೆಸರು. ಹರೆಯದಲ್ಲಿ ಬೆಳೆಯುವಾಗ ಬೆನ್ನುಮೂಳೆಯ ಕೆಲವು ತುಂಡುಗಳು ಹಿಂದೆ ಸರಿಯಾಗಿ ಬೆಳೆದು ಮುಂದೆ ಕಮ್ಮಿ ಬೆಳೆಯುತ್ತವೆ. ಇಟ್ಟಿಗೆಯಂತೆ ಇರಬೇಕಾದದ್ದು ಬೆಣೆಯಂತೆ ಆಗುತ್ತದೆ. ಬೆಣೆಗಳನ್ನು ಒಂದರ ಮೇಲೊಂದು ಇಟ್ಟರೆ ಗೋಪುರ ವಾಲಲೇಬೇಕು. ಅಕ್ಕಪಕ್ಕದ ಮೂರು ತುಂಡುಗಳು ತಲಾ 5 ಡಿಗ್ರಿಯೋ ಅದಕ್ಕಿಂತ ಹೆಚ್ಚೋ ಹೀಗೆ ಬೆಣೆಯಾಗಿದ್ದರೆ ವೈದ್ಯರು ಈ ಹೆಸರು ಹೇಳುತ್ತಾರೆ. ಇದು ಕೂತ ಭಂಗಿಯಿಂದ ಬರುವುದಲ್ಲ. ಆ ಹುಡುಗ ಎರಡು ತಿಂಗಳು ಮನೆಯಲ್ಲಿ ಬೈಸಿಕೊಂಡದ್ದಕ್ಕೆ ನನ್ನದೂ ಪಾಲಿತ್ತು.

ಆದರೆ ಹೆಚ್ಚಿನ ಮಕ್ಕಳಲ್ಲಿ ಬೆನ್ನು ಬೋರಲು ಮಲಗಿದಾಗ ಚಪ್ಪಟೆಯಾಗುತ್ತದೆ. ಬೆಲ್ಟ್ ಹಾಕಿದಾಗ ಸ್ವಲ್ಪ ನೆಟ್ಟಗಾಗಿ, ತೆಗೆದಾಗ ಹಾಗೇ ಆಗುತ್ತಿತ್ತು ಅಂತ ನೀವೇ ಬರೆದಿದ್ದೀರಿ. ನಿಮ್ಮ ಮಗನದೂ ಅದೇ ಬಗೆ ಇರಬಹುದು, ಆದರೂ ಪರೀಕ್ಷೆ ಮಾಡಿಯೇ ನಂಬಿ. ಚಪ್ಪಟೆಯಾಗುವ ಬೆನ್ನಿನಲ್ಲಿ ಎಲುಬಿನ ಆಕಾರ ಕೆಟ್ಟಿಲ್ಲ. ಎದೆಯ ಮುಂಭಾಗದ ಸ್ನಾಯು ಕುಗ್ಗಿದೆ, ಪಕ್ಕೆಲುಬಿನ ಕೀಲುಗಳು ಬಿಗಿಯಾಗಿವೆ, ಬೆನ್ನು ಎತ್ತಿ ಹಿಡಿಯುವ ಸ್ನಾಯುಗಳಿಗೆ ದಮ್ಮು ಸಾಲುತ್ತಿಲ್ಲ, ಅಷ್ಟೇ. ಇದಕ್ಕೆ 17 ಅನ್ನುವುದು ತಡವೇ ಅಲ್ಲ. ನೆಂಟರ ಮಾತು ಬೆಣೆಯಾದ ಎಲುಬಿಗೆ ಒಂದಷ್ಟು ಹೊಂದೀತು, ಈ ಬೆನ್ನಿಗಲ್ಲ.

ಇನ್ನೊಂದು ಮಾತು. ಮೇಲ್ಬೆನ್ನು ಎಲ್ಲರದೂ ಸ್ವಲ್ಪ ಬಾಗಿಯೇ ಇರುತ್ತದೆ. ಎಕ್ಸ್‌ರೇಯಲ್ಲಿ ಅಳೆದರೆ ಸುಮಾರು 20ರಿಂದ 45 ಡಿಗ್ರಿವರೆಗೆ ಸಹಜ. ರೂಲುದೊಣ್ಣೆಯಂಥ ಬೆನ್ನು ಗುರಿಯಲ್ಲ. ಕುತ್ತಿಗೆಯ ಬುಡದ ಉಬ್ಬನ್ನೂ ಬೆರಳಿಟ್ಟು ನೋಡಿ. ಎಲುಬಿನಂತೆ ಗಟ್ಟಿಯಾಗಿದ್ದರೆ ಅದು ಕುತ್ತಿಗೆಯ ಏಳನೇ ಮೂಳೆ. ಅದು ಎಲ್ಲರಲ್ಲೂ ಇರುತ್ತದೆ, ತೆಳ್ಳಗಿನ ಹುಡುಗರಲ್ಲಿ, ತಲೆ ಮುಂದೆ ಬಂದಾಗ, ಇನ್ನೂ ಎದ್ದು ಕಾಣುತ್ತದೆ. ಅದನ್ನು ತಿಕ್ಕಿ ಕರಗಿಸಲು ಹೋಗಬೇಡಿ.

ಫೋನಿಗೆ ತಲೆ ಬಗ್ಗಿಸಿದರೆ ಕುತ್ತಿಗೆಯ ಮೇಲೆ 27 ಕಿಲೋ ಭಾರ ಬೀಳುತ್ತದೆ ಅನ್ನುವ ಚಿತ್ರವನ್ನೂ ನೀವು ನೋಡಿರಬೇಕು. ಅದು 2014ರಲ್ಲಿ ಸರ್ಜನ್ ಒಬ್ಬರು ಕಂಪ್ಯೂಟರ್ ಮಾದರಿಯಲ್ಲಿ ಹಾಕಿದ ಲೆಕ್ಕ, ಅದೂ 60 ಡಿಗ್ರಿ ಬಗ್ಗಿಸಿದಾಗಿನದು. ಬದುಕಿರುವ ಮಕ್ಕಳ ಕುತ್ತಿಗೆ ಹಾಳಾದದ್ದನ್ನು ಅಳೆದು ಹೇಳಿದ್ದಲ್ಲ. ಭಾರ ಹೊರುವುದು ಸ್ನಾಯುವಿನ ಕೆಲಸವೇ. ತಲೆ ಎಷ್ಟು ಮುಂದಿದೆ ಅನ್ನುವುದಕ್ಕೂ ನೋವಿಗೂ ಹರೆಯದವರಲ್ಲಿ ನೇರ ನಂಟು ಕಾಣುವುದು ಕಷ್ಟ. ನನ್ನ ಬಳಿ ಬರುವವರಲ್ಲಿ ನೆಟ್ಟಗೆ ಕೂತು ನೋವು ಪಡುವವರೂ ಇದ್ದಾರೆ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂರುವುದು, ಕಮ್ಮಿ ನಿದ್ದೆ, ಓಡಾಟವಿಲ್ಲದ ದಿನ ಇವೇ ಸಂಜೆಯ ನೋವಿಗೆ ಹೆಚ್ಚು ಕಾರಣ.

ಬೆಲ್ಟಿನ ವಿಷಯ ಚುಟುಕಾಗಿ ಹೇಳುತ್ತೇನೆ. ಅದು ಭುಜವನ್ನು ಹಿಂದಕ್ಕೆಳೆಯುತ್ತದೆ, ಬಾಗಿದ ಬೆನ್ನನ್ನು ಬಿಚ್ಚುವುದಿಲ್ಲ. ಬೆಲ್ಟೇ ಹಿಡಿದಿರುವಾಗ ಸ್ನಾಯುವಿಗೆ ಕಲಿಯಲು ಏನೂ ಉಳಿಯುವುದಿಲ್ಲ. ಬಿಗಿಯಾಗಿ ಕಟ್ಟಿದರೆ ಕಂಕುಳ ಒತ್ತಿ ಕೈ ಜುಮ್ಮೆನ್ನುತ್ತದೆ. ಎತ್ತಿಡಿ.

ಈಗ ವ್ಯಾಯಾಮ. ನಾಲ್ಕೇ ಸಾಕು, ಆದರೆ ಕ್ರಮ ಮುಖ್ಯ. ಮೊದಲು ಬಿಚ್ಚುವುದು, ಆಮೇಲೆ ಬಲ, ಕೊನೆಗೆ ಗದ್ದ.

ದಪ್ಪ ಟವೆಲ್ಲನ್ನು ಬಿಗಿಯಾಗಿ ಸುತ್ತಿ. ಸುರುಳಿ ಸುಮಾರು 8 ಸೆಂಟಿಮೀಟರ್ ದಪ್ಪ ಇರಲಿ. ಅದನ್ನು ನೆಲದ ಮೇಲೆ ಅಡ್ಡಲಾಗಿ ಇಟ್ಟು, ಬೆನ್ನಿನ ಎರಡೂ ಕಡೆ ಚಪ್ಪಟೆಯಾಗಿ ಇರುವ ಎಲುಬುಗಳ, ರೆಕ್ಕೆ ಮೂಳೆ ಅನ್ನೋಣ, ಕೆಳತುದಿಗೆ ಸರಿಯಾಗಿ ಬರುವಂತೆ ಅದರ ಮೇಲೆ ಅಂಗಾತ ಮಲಗಬೇಕು. ಮಂಡಿ ಮಡಿಸಿ ಪಾದ ನೆಲಕ್ಕೆ ಊರಬೇಕು. ಎರಡೂ ಕೈ ತಲೆಯ ಹಿಂದೆ, ತಲೆಯ ಭಾರ ಪೂರ್ತಿ ಕೈ ಮೇಲೆ. ಉಸಿರು ಬಿಡುತ್ತಾ ಸುರುಳಿಯ ಮೇಲಿಂದ ಮೆಲ್ಲಗೆ ಹಿಂದಕ್ಕೆ ವಾಲಬೇಕು. ಐದಾರು ಉಸಿರು ಅಲ್ಲೇ. ಆಮೇಲೆ ಸುರುಳಿಯನ್ನು ಎರಡು ಬೆರಳಷ್ಟು ತಲೆಯ ಕಡೆಗೆ ಸರಿಸಿ ಮತ್ತೆ ಹಾಗೇ. ಮೂರು ಜಾಗ ಸಾಕು. ಕುತ್ತಿಗೆಯ ಕೆಳಗೂ ಸೊಂಟದ ಕೆಳಗೂ ಸುರುಳಿ ಬರಬಾರದು.

ಎಲ್ಲರೂ ತಪ್ಪುವುದು ಇಲ್ಲೇ. ಬೆನ್ನು ಬಾಗಿಸುವ ಬದಲು ಸೊಂಟ ಎತ್ತಿಬಿಡುತ್ತಾರೆ. ಮೇಲ್ಬೆನ್ನು ಬಿಗಿಯಾಗಿರುವಾಗ ದೇಹ ಸುಲಭದ ದಾರಿ ಹುಡುಕುತ್ತದೆ, ಸೊಂಟವೇ ಆ ಸುಲಭದ ದಾರಿ. ಕೆಳ ಪಕ್ಕೆಲುಬುಗಳು ಚಾವಣಿಯ ಕಡೆಗೆ ಉಬ್ಬಿ ಬಂದರೆ ತಪ್ಪಾಗುತ್ತಿದೆ ಎಂದರ್ಥ. ಹೊಟ್ಟೆ ಸ್ವಲ್ಪ ಬಿಗಿ ಹಿಡಿದು ಪಕ್ಕೆಲುಬನ್ನು ಒಳಕ್ಕೆ ಇಟ್ಟುಕೊಳ್ಳಲಿ. ಗೋಡೆಗೆ ಬೆನ್ನು ಕೊಟ್ಟು ಕೈಗಳನ್ನು ಮೇಲೆ ಕೆಳಗೆ ಜಾರಿಸುವ ವ್ಯಾಯಾಮ ವಿಡಿಯೋಗಳಲ್ಲಿ ಬಹಳ ಬರುತ್ತದೆ. ಅದರಿಂದ ಸೊಂಟ ನೋವು ಬರುವುದೂ ಇದೇ ಕಾರಣಕ್ಕೆ. ಅದನ್ನು ಮೊದಲ ಎರಡು ತಿಂಗಳು ಮುಟ್ಟಬೇಡಿ.

ಎರಡನೆಯದು ಬೋರಲು ಮಲಗಿ ಮಾಡುವುದು. ಹಣೆಯ ಕೆಳಗೆ ಮಡಿಸಿದ ಟವೆಲ್, ಕೈಗಳು ದೇಹದ ಪಕ್ಕ. ಹೆಬ್ಬೆರಳು ಹೊರಕ್ಕೆ ತಿರುಗುವಂತೆ ಕೈ ತಿರುಗಿಸಿ, ರೆಕ್ಕೆ ಮೂಳೆಗಳನ್ನು ಹಿಂದಕ್ಕೂ ಕೆಳಕ್ಕೂ, ಅಂದರೆ ಪ್ಯಾಂಟಿನ ಹಿಂಜೇಬಿನ ಕಡೆಗೆ, ಸರಿಸಬೇಕು. ಜೊತೆಗೆ ಎದೆಯನ್ನು ನೆಲದಿಂದ ಬರೀ ಎರಡು ಮೂರು ಸೆಂಟಿಮೀಟರ್ ಎತ್ತಬೇಕು. ಕಣ್ಣು ನೆಲವನ್ನೇ ನೋಡುತ್ತಿರಲಿ. 5 ಸೆಕೆಂಡ್ ಹಿಡಿದು ಇಳಿಸಿ, ಹೀಗೆ 8ರಿಂದ 10 ಸಲ. ಹುಡುಗರು ಜಾಸ್ತಿ ಎತ್ತಿದಷ್ಟೂ ಒಳ್ಳೆಯದು ಅಂದುಕೊಂಡು ಗದ್ದ ಎತ್ತಿ ಎದುರು ನೋಡುತ್ತಾರೆ. ಆಗ ಕೆಲಸ ಪೂರ್ತಿ ಕುತ್ತಿಗೆ ಹಿಂಭಾಗಕ್ಕೂ ಸೊಂಟಕ್ಕೂ ಹೋಗುತ್ತದೆ. ಸುಸ್ತು ಎಲ್ಲಿ ಆಗುತ್ತಿದೆ ಅಂತ ಕೇಳಿ. ರೆಕ್ಕೆ ಮೂಳೆಗಳ ನಡುವೆ ಅಂದರೆ ಸರಿ. ಸುಲಭ ಅನಿಸತೊಡಗಿದ ಮೇಲೆ ಕೈಗಳನ್ನು ಅಡ್ಡಕ್ಕೆ ಚಾಚಿ ಮಾಡಲಿ.

ಮೂರನೆಯದು ರಬ್ಬರ್ ಬ್ಯಾಂಡ್ ಎಳೆಯುವುದು. ಬ್ಯಾಂಡನ್ನು ಎದೆಯ ಎತ್ತರದಲ್ಲಿ ಗಟ್ಟಿ ಜಾಗಕ್ಕೆ ಕಟ್ಟಿ, ಎರಡೂ ತುದಿ ಹಿಡಿದು ಮೊಣಕೈ ಪಕ್ಕೆಗೆ ಉಜ್ಜುವಂತೆ ಹಿಂದಕ್ಕೆಳೆದು, ಒಂದು ಕ್ಷಣ ನಿಲ್ಲಿಸಿ, ಮೆಲ್ಲಗೆ ಬಿಡಬೇಕು. 10ರಿಂದ 12 ಸಲದ ಮೂರು ಸೆಟ್, ವಾರಕ್ಕೆ ಮೂರು ದಿನ. ಕೊನೆಯ ಎರಡು ಮೂರು ಸಲ ಕಷ್ಟ ಅನಿಸುವಷ್ಟು ಬಿಗಿಯಿರಲಿ. ಭುಜ ಕಿವಿಯ ಕಡೆಗೆ ಏರಬಾರದು. ಬ್ಯಾಂಡ್ ಸುಲಭವಾದರೆ ಇನ್ನೊಂದು ಹೆಜ್ಜೆ ಹಿಂದೆ ನಿಲ್ಲಲಿ. ಸ್ನಾಯು ಬಲಿಯುವುದು ಭಾರ ಏರಿದಾಗ, ಒಂದೇ ಬ್ಯಾಂಡಿನಲ್ಲಿ ವರ್ಷಗಟ್ಟಲೆ ಎಳೆದರೆ ಏನೂ ಆಗುವುದಿಲ್ಲ.

ಗದ್ದದ ವ್ಯಾಯಾಮ ಮೂರನೇ ವಾರದಿಂದ, ಅದೂ ಅಂಗಾತ ಮಲಗಿ. ತಲೆಯ ಕೆಳಗೆ ತೆಳು ಮಡಿಕೆ. ‘ಹೂಂ’ ಅಂತ ತಲೆಯಾಡಿಸುವಾಗ ಎಷ್ಟು ಆಡುತ್ತದೋ ಅಷ್ಟೇ, ಗದ್ದವನ್ನು ಗಂಟಲ ಕಡೆಗೆ ತರಬೇಕು. ತಲೆ ಎತ್ತಬಾರದು, ನೆಲಕ್ಕೆ ಒತ್ತಲೂಬಾರದು. 5ರಿಂದ 10 ಸೆಕೆಂಡ್ ಹಿಡಿದು 10 ಸಲ. ಕುತ್ತಿಗೆಯ ಎರಡೂ ಬದಿ ಹಗ್ಗದಂತೆ ಉಬ್ಬಿ ನಿಂತರೆ ಬಲ ಜಾಸ್ತಿ ಹಾಕುತ್ತಿದ್ದಾನೆ. ನಮಗೆ ಬೇಕಿರುವ ಸ್ನಾಯುಗಳು ಒಳಗೆ, ಮೂಳೆಗೆ ಅಂಟಿಕೊಂಡಿವೆ. ಮೆದುವಾಗಿ ಮಾಡಿದರೆ ಕೆಲಸ ಹೆಚ್ಚಾಗಿ ಅವುಗಳಿಗೇ ಸಿಗುತ್ತದೆ. ನಿಮ್ಮ ಮಗ ಹಿಂದೆ ಮಾಡಿದ್ದು ಇದೇ ವ್ಯಾಯಾಮ, ಆದರೆ ಬಹುಶಃ ಕೂತು, ಕುಸಿದ ಬೆನ್ನಿನ ಮೇಲೆ, ಇಡೀ ಬಲ ಹಾಕಿ.

ಟವೆಲ್ಲಿನದು ದಿನಾ 5 ನಿಮಿಷ. ಗದ್ದದ್ದು ಶುರುವಾದ ಮೇಲೆ ಅದೂ ದಿನಾ. ಬೋರಲು ಮಲಗುವುದು ಮತ್ತು ಬ್ಯಾಂಡ್ ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ಮರುದಿನ ಸ್ನಾಯು ಸ್ವಲ್ಪ ನೊಂದರೆ ಹೆದರಬೇಡಿ. ಕೈಗೆ ಹರಿಯುವ ನೋವು, ತಲೆಸುತ್ತು, ಚುಚ್ಚುವ ನೋವು ಬಂದರೆ ಮಾತ್ರ ನಿಲ್ಲಿಸಿ.

ಎಷ್ಟು ದಿನ ಅನ್ನುತ್ತೀರಾ? ಹೋದ ವರ್ಷ 19ರ ಹುಡುಗಿಯೊಬ್ಬಳು ಬಂದಿದ್ದಳು, ನಿಮ್ಮ ಮಗನ ಕಥೆಯೇ. ಗೋಡೆಯಿಂದ ತಲೆಗೆ 6 ಸೆಂಟಿಮೀಟರ್. ಬೋರಲು ಮಲಗಿದರೆ ಬೆನ್ನು ಚಪ್ಪಟೆ. ನಾಲ್ಕನೇ ವಾರ ಅಳೆದಾಗ ಮತ್ತೆ 6! ಅವಳ ಮುಖ ಸಣ್ಣದಾಯಿತು. ಆದರೆ ಕೇಳಿ ನೋಡಿದರೆ, ಸಂಜೆ ಐದಕ್ಕೆ ಶುರುವಾಗುತ್ತಿದ್ದ ನೋವು ಈಗ ರಾತ್ರಿ ಒಂಬತ್ತಕ್ಕೆ ಬರುತ್ತಿತ್ತು. ಸ್ನಾಯುವಿನ ದಮ್ಮು ಮೊದಲು ಹೆಚ್ಚುತ್ತದೆ, ಆಕಾರ ಆಮೇಲೆ ಬದಲಾಗುತ್ತದೆ. ಏಳನೇ ವಾರ ಕುತ್ತಿಗೆಯ ಪಕ್ಕ ಬಿಗಿ ಅಂದಳು. ಬ್ಯಾಂಡ್ ಎಳೆಸಿ ನೋಡಿದೆ, ಭುಜ ಕಿವಿಯವರೆಗೆ ಏರುತ್ತಿತ್ತು. ಹಗುರದ ಬ್ಯಾಂಡಿಗೆ ಇಳಿಸಿದೆ. ಹನ್ನೆರಡನೇ ವಾರ 2 ಸೆಂಟಿಮೀಟರ್. ಓದುವಾಗ ಅವಳು ಈಗಲೂ ಕುಸಿದೇ ಕೂರುತ್ತಾಳೆ. ಆದರೆ ಎದ್ದ ಕೂಡಲೇ ಬೆನ್ನು ಬಿಚ್ಚಿಕೊಳ್ಳುತ್ತದೆ. ನನಗೆ ಅಷ್ಟು ಸಾಕು.

ಅದಕ್ಕೇ ‘ನೆಟ್ಟಗೆ ಕೂರು’ ಅನ್ನುವುದನ್ನು ನೀವು ಬಿಟ್ಟರೂ ನಡೆಯುತ್ತದೆ. ಹೇಳಿದಾಗ ಅರ್ಧ ನಿಮಿಷ ಸೈನಿಕನಂತೆ ಕೂರುತ್ತಾನೆ, ಆಮೇಲೆ ಸುಸ್ತಾಗಿ ಮೊದಲಿಗಿಂತ ಕೆಳಗೆ ಕುಸಿಯುತ್ತಾನೆ. ಅದರ ಬದಲು ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಲಿ. ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಬೇರೆ ಕೀಬೋರ್ಡ್ ಕೊಡಿ. ಕಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ದೂರದ್ದು ಕಾಣದೆ ಪರದೆಯ ಕಡೆಗೆ ತಲೆ ಚಾಚುವ ಮಕ್ಕಳನ್ನು ನಾನು ಎಷ್ಟೋ ನೋಡಿದ್ದೇನೆ. ಕನ್ನಡಕ ಬಂದ ಮೇಲೆ ಅರ್ಧ ಸಮಸ್ಯೆ ಹೋಗಿರುತ್ತದೆ. ಇನ್ನೊಂದು, ಗೆಳೆಯರ ನಡುವೆ ದಿಢೀರನೆ ಉದ್ದವಾದ ಹುಡುಗರು ಎತ್ತರ ಮುಚ್ಚಿಕೊಳ್ಳಲೂ ಬಾಗುತ್ತಾರೆ. ಹುಡುಗಿಯರು ಎದೆ ಮುಚ್ಚಿಕೊಳ್ಳಲು. ಅದು ಬೈದರೆ ಹೋಗುವಂಥದ್ದಲ್ಲ.

ಯಾರಾದರೂ ಕುತ್ತಿಗೆ ತಿರುಗಿಸಿ ಲಟಕ್ ಅನಿಸಿ ‘ಒಂದೇ ಸಲಕ್ಕೆ ಕೂರಿಸಿಕೊಡ್ತೀನಿ’ ಅಂದರೆ ಒಪ್ಪಬೇಡಿ. ಆಗುವ ಹಗುರ ಕೆಲವು ಗಂಟೆಯದು. ಅಪರೂಪಕ್ಕೆ ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟಾಗಬಹುದು.

ಬಗ್ಗಿದಾಗ ಚೂಪಾದ ಕೋನ ಕಂಡಿದ್ದರೆ, ಬೋರಲು ಮಲಗಿದರೂ ಬೆನ್ನು ಚಪ್ಪಟೆಯಾಗದಿದ್ದರೆ, ವ್ಯಾಯಾಮಕ್ಕೆ ಮೊದಲು ಮೂಳೆ ವೈದ್ಯರ ಬಳಿ ಹೋಗಿ. ನಿಂತು, ಪಕ್ಕದಿಂದ ತೆಗೆದ ಎಕ್ಸ್‌ರೇ ಬೇಕಾಗುತ್ತದೆ. ಬೆಣೆಯಾದ ಎಲುಬಾದರೂ ಬಹಳ ಮಂದಿಗೆ ವ್ಯಾಯಾಮ ಮತ್ತು ಆಗಾಗ ಅಳೆದು ನೋಡುವುದೇ ಚಿಕಿತ್ಸೆ. ಬೆಳವಣಿಗೆ ಬಾಕಿಯಿದ್ದು ಬಾಗು ಹೆಚ್ಚುತ್ತಿದ್ದರೆ ವೈದ್ಯರು ಬ್ರೇಸ್ ಹೇಳಬಹುದು. ಅದು ಅಂಗಡಿಯ ಬೆಲ್ಟ್ ಅಲ್ಲ, ಅಳತೆ ತೆಗೆದು ಮಾಡಿದ ಗಟ್ಟಿ ಕವಚ. ದಿನದ ಹೆಚ್ಚು ಹೊತ್ತು, ತಿಂಗಳುಗಟ್ಟಲೆ ಹಾಕಬೇಕು. ಬೆಳವಣಿಗೆ ಮುಗಿದ ಮೇಲೆ ಅದರಿಂದ ಹೆಚ್ಚು ಉಪಯೋಗವಿಲ್ಲ, ಹಾಗಾಗಿ ಈ ಒಂದು ವಿಷಯದಲ್ಲಿ ತಡ ಮಾಡಬಾರದು. ಆಪರೇಷನ್ ಮಾತು ಬರುವುದು ಬಾಗು ಸುಮಾರು 70-75 ಡಿಗ್ರಿ ದಾಟಿ, ನೋವು ಬೇರೆ ಯಾವುದಕ್ಕೂ ಬಗ್ಗದಿದ್ದಾಗ. ಅದು ಅಪರೂಪ.

ಕೈ ಅಥವಾ ಕಾಲಿನ ಬಲ ಕುಗ್ಗಿದರೆ, ಜೋಮು ಹಿಡಿದರೆ, ನಡಿಗೆ ತಡವರಿಸಿದರೆ, ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ತೋರಿಸಿ. ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೂ ತಡ ಬೇಡ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಬಿಗಿಯಿದ್ದು ಓಡಾಡಿದ ಮೇಲೆ ಕಮ್ಮಿಯಾಗುವ ನೋವಾದರೆ ಅದು ಕೀಲುವಾತದ ಒಂದು ಬಗೆ ಇರಬಹುದು. ಅದಕ್ಕೆ ರಕ್ತಪರೀಕ್ಷೆ, ಔಷಧಿ ಬೇರೆ.

ಇವು ಯಾವುವೂ ಇಲ್ಲ, ಬೆನ್ನೂ ಚಪ್ಪಟೆಯಾಗುತ್ತದೆ ಅಂದರೆ ಇವತ್ತೇ ಟವೆಲ್ ಸುತ್ತಿ. ನಾಲ್ಕನೇ ವಾರ ಸ್ಕೇಲ್ ಹಿಡಿಯಬೇಡಿ, ನೋವು ಎಷ್ಟು ಗಂಟೆಗೆ ಶುರುವಾಗುತ್ತಿದೆ ಅಂತ ಮಾತ್ರ ಕೇಳಿ. ಹನ್ನೆರಡನೇ ವಾರ ಅದೇ ಗೋಡೆ, ಅದೇ ಸ್ಕೇಲ್. ಬಿಡದೆ ಮಾಡಿಯೂ ಅಂತರ ಒಂದಿಷ್ಟೂ ಇಳಿದಿಲ್ಲ, ನೋವೂ ಹಾಗೇ ಇದೆ ಅಂದರೆ ಫಿಸಿಯೋಥೆರಪಿಸ್ಟ್ ಒಬ್ಬರ ಎದುರು ನಾಲ್ಕೂ ವ್ಯಾಯಾಮ ಮಾಡಿ ತೋರಿಸಲಿ.